ಹೊಟ್ಟೆಗೆ ಹಾಕಿಕೊಳ್ಳಿ

ಸೋಮವಾರ ಬೆಳಗ್ಗೆ ಬಸವಣ್ಣೆವ್ವ ನನ್ನ ಬಾಗಿಲಿಗೆ ಬಂದಾಗ ನಾನು ಚಹಾ ಸೋಸುತ್ತಿದ್ದೆ. ಅವಳ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು.

"ಮಾಸ್ತರ, ಇದನ್ನಷ್ಟು ಹಿಂದ್ಯಾಗ ಮಾಡಿ ಕೊಡ್ರಿ. ಬಾಜೂ ಮನಿ ಹುಡಿಗಿಗೆ ಕೊಡಬೇಕು."

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಹಿಂದಿ ಕಲಿಸಿದವನು. ನಿವೃತ್ತನಾದ ಮೇಲೂ ನಮ್ಮ ವಠಾರದವರಿಗೆ ನಾನು ಹಿಂದಿ ಮಾಸ್ತರನೇ. ಗುರುನಾಥ ಎಂಬ ನನ್ನ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಗದಗ ರಸ್ತೆಯ ಕಡೆಗಿರುವ ಆ ವಠಾರದಲ್ಲಿ ಎದುರುಬದುರಾಗಿ ಆರು ಮನೆಗಳು. ಮನೆಮನೆಯ ನಡುವಿನ ಗೋಡೆ ತೊಲೆಯವರೆಗೆ ಮಾತ್ರ ಏರಿದೆ. ಅದರ ಮೇಲೆ ತಗಡಿನವರೆಗೂ ತೆರವು. ಒಬ್ಬರು ಸೀನಿದರೆ ಪಕ್ಕದವರು "ಚಿರಂಜೀವಿ" ಅನ್ನಬಹುದು.

ಬಸವಣ್ಣೆವ್ವನ ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಒಬ್ಬಳೇ ಮಗಳು ಶೈಲಾಳನ್ನು ಬೆಳೆಸಿ, ನವಲಗುಂದದ ಕಡೆ ಮದುವೆ ಮಾಡಿ ಕೊಟ್ಟಿದ್ದಳು. ಮದುವೆಯಾಗಿ ಆರು ವರ್ಷದ ಮೇಲೆ ಶೈಲಾ ಬಸಿರಾದಳು. ಹಿಂದಿನ ದಿನ, ಭಾನುವಾರ, ತವರಿನಲ್ಲಿ ಅವಳ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸ. ಹಸಿರು ಸೀರೆ, ಹಸಿರು ಬಳೆ, ಐದು ತರದ ಅನ್ನ. ಅಂಗಳಕ್ಕೆ ಶಾಮಿಯಾನ ಹಾಕಿ, ಬಸವಣ್ಣೆವ್ವನ ತಮ್ಮನ ಮಕ್ಕಳು ಆಳೆತ್ತರದ ಎರಡು ಸೌಂಡ್ ಬಾಕ್ಸ್ ತಂದಿಟ್ಟಿದ್ದರು. ಬೆಳಗ್ಗೆ ಎಂಟಕ್ಕೆ ಹಚ್ಚಿದ್ದು ಸಂಜೆ ಆರರವರೆಗೂ ನಿಲ್ಲಲಿಲ್ಲ. ಊಟದ ತಾಟುಗಳು ಸಹ ನಡುಗುತ್ತಿದ್ದವು. ಆ ಗದ್ದಲದಲ್ಲಿ ನಾನೂ ಕೂತು ಎರಡು ಹೋಳಿಗೆ ಹೆಚ್ಚಿಗೆ ಉಂಡೆ. ಇದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಬಸವಣ್ಣೆವ್ವನ ಪಕ್ಕದ ಮನೆಯ ಚಂದ್ರಭೂಷಣ ಹೊರಗೆ ಬಂದಿದ್ದ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ, ಬಿಹಾರದ ಸಿವಾನ್ ಕಡೆಯ ಹುಡುಗ, ಬಂದು ಎಂಟು ತಿಂಗಳಾಗಿತ್ತು. ಸೌಂಡ್ ಬಾಕ್ಸಿನ ಮುಂದೆ ನಿಂತು ಕೈಮುಗಿದು ಏನೋ ಹೇಳಿದ. ಹುಡುಗರಿಗೆ ಕೇಳಿಸಿದ್ದು "ತಬಿಯತ್" ಎಂಬ ಒಂದೇ ಮಾತು. "ಯಾರಿಗೋ ತಬ್ಯೇತ್ ನೆಟ್ಟಗಿಲ್ಲಂತಲೇ, ಸಣ್ಣ ಮಾಡು" ಎಂದು ಒಬ್ಬ ಅಂದ, ಸಣ್ಣ ಮಾಡಿದರು. ಅವನು ಒಳಗೆ ಹೋದ ಮೇಲೆ ಇನ್ನೊಬ್ಬ "ಬಿಹಾರಿ ಬಾಬೂಗೆ ನಮ್ಮ ಹಾಡು ಸೇರವಲ್ದು" ಎಂದು ನಕ್ಕು ಮತ್ತೆ ಏರಿಸಿದ. ನಾನು ಅಲ್ಲಿಂದ ಎಂಟು ಹೆಜ್ಜೆ ದೂರದಲ್ಲಿದ್ದೆ. ಅಲ್ಲಿದ್ದವರಲ್ಲಿ ಹಿಂದಿ ಬಲ್ಲವನು ನಾನೊಬ್ಬನೇ. ಎದ್ದು ಹೋಗಿ "ಏನಾಗಿದೆಯಪ್ಪಾ" ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಈಗ ಬಸವಣ್ಣೆವ್ವ ತಂದ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಅವಳು ಹೇಳಿದ್ದನ್ನು ಶೈಲಾ ಬರೆದಿದ್ದಳು.

"ಬಾಜೂ ಮನಿ ತಂಗಿಗೆ ಬಸವಣ್ಣೆವ್ವನ ನಮಸ್ಕಾರ. ನಿನ್ನೆ ಮಗಳ ಕುಬಸದ ಸಂಭ್ರಮದಾಗ ಬಾಳ ಗದ್ದಲ ಮಾಡಿದ್ವಿ. ನಿಮ್ಮ ಮನಿಯವರು ಬಂದು ಕೈಮುಗಿದರೂ ನಮ್ಮ ಹುಡುಗರು ಕೇಳಲಿಲ್ಲ. ನಿಮಗ ಆರಾಮಿಲ್ಲದಾಗ ತ್ರಾಸ ಕೊಟ್ಟಿವಿ. ನಮ್ಮ ತಪ್ಪು ಹೊಟ್ಟಿಯೊಳಗ ಹಾಕ್ಕೊಳ್ರಿ. ಇನ್ನ ಮುಂದ ಹಿಂಗ ಆಗೂದಿಲ್ಲ. ಬರೂ ವರ್ಷ ನಿಮ್ಮ ಮನ್ಯಾಗೂ ಇಂಥಾ ಕುಬಸ ಆಗಲಿ, ಆವಾಗ ನೀವು ಎಷ್ಟರ ಗದ್ದಲ ಮಾಡ್ರಿ, ನಾವೂ ಬಂದು ಹಾಡತೀವಿ."

"ಚಂದ ಬರೆಸೀಯಲ್ಲ ಬಸವಣ್ಣೆವ್ವ" ಎಂದೆ.

"ಚಂದ ಏನ್ ಬಂತ್ರಿ. ರಾತ್ರಿ ಪೂರಾ ಗ್ವಾಡಿ ಆಚೆ ಆ ಹುಡಿಗಿ ನರಳೂದು ಕೇಳಿಸ್ತು. ನಂಗ ನಿದ್ದಿ ಬರಲಿಲ್ಲ. ಜ್ವರ ಅಂತ ಕಾಣಸ್ತೈತಿ." ಆಮೇಲೆ ತಡೆದು ಕೇಳಿದಳು, "ನೀವ ಹೋಗಿ ಬಾಯಿಲೆ ಹೇಳಿದ್ರ ಆಗೂದಿಲ್ಲೇನ್ರಿ?"

ಆಗಬಹುದಿತ್ತು. ಎರಡು ಬಾಗಿಲು ದಾಟಿ ಹೋಗಿ ಮಾತಾಡಿದ್ದರೆ ಸಾಕಿತ್ತು. ಆದರೆ ನಾನು, "ಬಾಯಿ ಮಾತು ಗಾಳಿಗೆ ಹೋಗತದ. ಬರೆದದ್ದು ಕೈಯಾಗ ಉಳೀತದ. ಆ ಹುಡಿಗಿ ಹತ್ತನೇ ಕ್ಲಾಸ್ ಓದ್ಯಾಳಂತ, ಓದಿಕೊಳ್ತಾಳ" ಎಂದೆ. ನಿಜ ಹೇಳಬೇಕೆಂದರೆ, ನನ್ನ ನಾಗರಿ ಅಕ್ಷರದ ಮೇಲೆ ನನಗೆ ಬಹಳ ಅಭಿಮಾನ. ಬಹಳ ದಿನಗಳಿಂದ ಯಾರೂ ನನ್ನಿಂದ ಏನನ್ನೂ ಬರೆಸಿರಲಿಲ್ಲ. ಅದೂ ಅಲ್ಲದೆ ಆ ಗಂಡಹೆಂಡಿರ ಹಿಂದಿಯನ್ನು ನಾನು ಹಿಂದಿ ಎಂದು ಒಪ್ಪಿಯೇ ಇರಲಿಲ್ಲ. "ನಾನು" ಅನ್ನಬೇಕಾದಲ್ಲಿ "ಹಮ್" ಅನ್ನುತ್ತಾರೆ, ಲಿಂಗವನ್ನು ತಲೆಕೆಳಗು ಮಾಡುತ್ತಾರೆ. ನಳದ ಹತ್ತಿರ ಒಂದೆರಡು ಸಲ ಅವನನ್ನು ತಿದ್ದಿಯೂ ಇದ್ದೆ. ಆಮೇಲೆ ಅವನು ನನ್ನೊಡನೆ ಮಾತು ಕಡಿಮೆ ಮಾಡಿದ್ದ.

ಗೆರೆಯಿಲ್ಲದ ಬಿಳಿ ಹಾಳೆ ತೆಗೆದು, ಅದರ ಕೆಳಗೆ ಗೆರೆ ಎಳೆದ ಹಾಳೆಯಿಟ್ಟು ಕೂತೆ. ಬಸವಣ್ಣೆವ್ವ ಹೊಸ್ತಿಲ ಮೇಲೆ ಕೂತಳು.

ಮೊದಲ ಸಾಲಿಗೇ ಯೋಚನೆ ಹತ್ತಿತು. "ಮಹೋದಯಾ" ಎಂದರೆ ಕಚೇರಿಯ ಅರ್ಜಿಯಾಗುತ್ತದೆ. "ಪ್ರಿಯ ಬಹನ್" ಎಂದು ಬರೆದೆ. "ಸಂಭ್ರಮ" ಎಂಬಲ್ಲಿ ನಿಂತೆ. ಆ ಶಬ್ದ ಹಿಂದಿಯಲ್ಲೂ ಇದೆ, ಆದರೆ ಅಲ್ಲಿ ಅದಕ್ಕೆ ಗಲಿಬಿಲಿ, ಭ್ರಮೆ ಎಂಬ ಅರ್ಥ. ನನ್ನ ಎಷ್ಟು ಶಿಷ್ಯರು ಅದರಲ್ಲಿ ಬಿದ್ದು ಅಂಕ ಕಳೆದುಕೊಂಡಿಲ್ಲ! "ಖುಶೀ" ಎಂದು ಹಾಕಿದೆ. ಗದ್ದಲಕ್ಕೆ "ಶೋರ್". ತ್ರಾಸಕ್ಕೆ "ಕಷ್ಟ್". ಕನ್ನಡದಲ್ಲಿ "ಕ್ಷಮೆ ಕೇಳುತ್ತೇನೆ" ಎಂದು ಗಂಡಸೂ ಬರೆಯಬಹುದು, ಹೆಂಗಸೂ ಬರೆಯಬಹುದು. ಹಿಂದಿಯಲ್ಲಿ ಕ್ರಿಯಾಪದವೇ ಅದನ್ನು ಹೇಳಿಬಿಡುತ್ತದೆ. ರೂಢಿಯಂತೆ ನನ್ನ ಕೈ "ಮಾಂಗತಾ" ಎಂದು ಬರೆಯಹೋಗಿ, ಬರೆಯುತ್ತಿರುವುದು ಹೆಣ್ಣುಮಗಳ ಬಾಯಿಂದ ಎಂದು ನೆನಪಾಗಿ "ಮಾಂಗತೀ" ಎಂದು ತಿದ್ದಿತು. ಇಂಥ ಸಣ್ಣ ಗುಂಡಿಗಳನ್ನೆಲ್ಲ ನಾನು ಜಾಣತನದಿಂದ ದಾಟಿದೆ.

ಬರೆದು ಮುಗಿಸಿ ಓದಿ, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ತಪ್ಪಿನ ಸಾಲನ್ನು "ಹಮೇಂ ಕ್ಷಮಾ ಕರೇಂ" ಎಂದು ಬರೆದಿದ್ದೆ. ಬಸವಣ್ಣೆವ್ವ ಅಲ್ಲಿ ಹಿಡಿದಳು.

"ಅದೇನ್ರಿ ಅಂದ್ರ?"

"ನಮ್ಮನ್ನ ಕ್ಷಮಿಸ್ರಿ ಅಂತ."

"ಅಷ್ಟನಾ? ಹೊಟ್ಟಿಯೊಳಗ ಹಾಕ್ಕೊಳ್ರಿ ಅಂದಿದ್ದು ಎಲ್ಲಿ ಹೋತು?"

"ಎರಡೂ ಒಂದ ಅದ ಬಸವಣ್ಣೆವ್ವ."

"ಎಲ್ಲೀದು ಒಂದರಿ? ಕ್ಷಮಾ ಅನ್ನೂದು ಬಸ್ಸಿನ್ಯಾಗ ಕಾಲು ತುಳದ್ರ ಅಂತಾರ. ಇದು ಹಂಗಲ್ಲ. ತಾಯಿ ಮಕ್ಕಳ ತಪ್ಪು ಹೊಟ್ಟ್ಯಾಗ ಹಾಕ್ಕೋತಾಳಲ್ಲ, ಹಂಗ ಹಾಕ್ಕೋ ತಂಗಿ ಅಂತ ನಾ ಹೇಳಿದ್ದು. ಅದನ್ನ ಬಿಟ್ರ ಉಳಿದದ್ದರಾಗ ಏನೈತಿ? ನಾ ಹೇಳಿದ್ದನ್ನ ಹೇಳಿದ್ಹಂಗ ಬರೀರಿ ಮಾಸ್ತರ."

ಆ ಮಾತು ನನಗೆ ನಾಟಿತು. ನಿಜವೇ, ಕ್ಷಮಾ ಎಂಬುದು ಒಣಗಿದ ಮಾತು. ಇಷ್ಟು ವರ್ಷ ಪಾಠ ಹೇಳಿದ ನಾನು ಅಕ್ಷರ ತಿಳಿಯದ ಹೆಂಗಸಿನಿಂದ ಪಾಠ ಹೇಳಿಸಿಕೊಂಡೆನಲ್ಲ ಎಂದು ಖುಷಿಯೂ ಆಯಿತು. ಹಿಂದಿಯಲ್ಲಿ ಹೀಗೆ ಹೇಳುತ್ತಾರೆಯೇ ಎಂದು ಒಂದು ಗಳಿಗೆ ಅನುಮಾನ ಬಂದಿತ್ತು. ಹೊಟ್ಟೆ ಎಲ್ಲರಿಗೂ ಇದೆ, ತಿಳಿಯದೆ ಏನು ಎಂದುಕೊಂಡೆ. ತಪ್ಪು ಎಂಬುದಕ್ಕೆ "ಗಲತೀ" ಎಂದು ಬರೆಯಹೋದೆ. ಅದು ತೀರಾ ಬಜಾರದ ಶಬ್ದ ಅನ್ನಿಸಿ, ಶುದ್ಧವಾಗಿರಲಿ ಎಂದು "ದೋಷ್" ಎಂದು ಹಾಕಿದೆ.

"ಹಮಾರಾ ದೋಷ್ ಅಪನೇ ಪೇಟ್ ಮೇಂ ಡಾಲ್ ಲೀಜಿಏ."

ಅದರ ಮುಂದೆ ಒಂದು ಸಾಲು ಬಿಟ್ಟು, ಬರುವ ವರ್ಷ ನಿಮ್ಮ ಮನೆಯಲ್ಲೂ ಇಂಥದೇ ಸಂದರ್ಭ ಬರಲಿ ಎಂಬ ಸಾಲು. ಓದಿ ಹೇಳಿದಾಗ ಬಸವಣ್ಣೆವ್ವನ ಮುಖ ಅರಳಿತು. "ಈಗ ಸರಿ ಆತು ನೋಡ್ರಿ" ಎಂದಳು.

ಬರಿಗೈಯಲ್ಲಿ ಹೋಗಬಾರದೆಂದು ಅವಳು ಒಂದು ತಾಟಿನಲ್ಲಿ ಉಡಿ ತುಂಬುವ ಸಾಮಾನು ಜೋಡಿಸಿಕೊಂಡಳು: ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು, ಐದು ಉತ್ತತ್ತಿ, ಶೈಲಾಳ ಕುಬಸಕ್ಕೆ ತಂದು ಉಳಿದಿದ್ದ ಒಂದು ಹಸಿರು ಖಣ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ನನ್ನ ಚೀಟಿ. ನಾನು ನನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ರಿಂಕಿ ಎಂಬ ಆ ಹುಡುಗಿ ಬಾಗಿಲು ಅರ್ಧ ತೆರೆದಳು. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ತಲೆಯ ಮೇಲೆ ಸೆರಗು, ಮುಖ ಸುಣ್ಣದಂತೆ ಬಿಳಿಚಿತ್ತು. ಬಸವಣ್ಣೆವ್ವ ಕುಂಕುಮದ ಬಟ್ಟಲು ಮುಂದೆ ಹಿಡಿದಳು, ಹುಡುಗಿ ತಾನೇ ಹಣೆಗೆ ಹಚ್ಚಿಕೊಂಡಳು. ರಿಂಕಿ ಬಗ್ಗಿ ಅವಳ ಕಾಲು ಮುಟ್ಟಲು ಹೋದಳು, ಬಗ್ಗಲಾರದೆ ಬಾಗಿಲ ಚೌಕಟ್ಟು ಹಿಡಿದಳು. "ಇರಲಿ ಇರಲಿ ಯವ್ವಾ" ಎಂದು ಬಸವಣ್ಣೆವ್ವ ಅವಳ ಕೆನ್ನೆ ಸವರಿ ಬಂದಳು.

"ಒಳ್ಳೆ ಹುಡಿಗಿ ಐತ್ರಿ" ಎಂದು ನನ್ನತ್ತ ನೋಡಿ ಹೇಳಿ ಒಳಗೆ ಹೋದಳು.

ಅರ್ಧ ಗಂಟೆಯೂ ಆಗಿರಲಿಲ್ಲ. ಪಕ್ಕದ ಮನೆಯಿಂದ ಒಂದು ಕೂಗು ಕೇಳಿತು. ಅಳು ಎಂದು ಹೇಳಲಾರೆ. ಬಿಸಿ ಎಣ್ಣೆ ಬಿದ್ದವರು ಕೂಗುವಂಥದ್ದು. ಆಮೇಲೆ ಏನೂ ಇಲ್ಲ. ನಾವು ಒಬ್ಬೊಬ್ಬರಾಗಿ ಹೊರಗೆ ಬರುವಷ್ಟರಲ್ಲಿ ಆ ಬಾಗಿಲು ತೆರೆದು, ರಿಂಕಿ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಬಂದು, ನಳದ ಪಕ್ಕದ ಗಟಾರಕ್ಕೆ ಮಗುಚಿದಳು. ಅಕ್ಕಿ ಕಪ್ಪು ನೀರಿನಲ್ಲಿ ಬಿಳಿಯಾಗಿ ಹರಡಿತು. ತೆಂಗಿನಕಾಯಿ ಉರುಳಿ ನಿಂತಿತು. ಖಣವನ್ನು ಅವಳು ಕಾಲಿನಿಂದ ನೂಕಿದಳು. ತಾಟನ್ನು ಅಲ್ಲೇ ಬಿಸುಟು ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ಬಸವಣ್ಣೆವ್ವ ಅದನ್ನು ನೋಡುತ್ತ ನಿಂತಳು.

"ಉಡಿ ಅಕ್ಕಿ ಗಟಾರಕ್ಕ ಸುರುವಿದಿ? ನನ್ನ ಬಸರಿ ಮಗಳ ಖಣ ಕಾಲೀಲೆ ಒದ್ದಿ? ನಿನಗೇನ್ ದಾಡಿ ಬಂದಿತ್ತ ಯವ್ವಾ! ಬ್ಯಾಡ ಅಂದ್ರ ಬ್ಯಾಡ ಅನ್ನಬೇಕಿತ್ತು!"

ಇಡೀ ವಠಾರ ಅವಳ ಪರ ನಿಂತಿತು. ನಾನೂ ನಿಂತೆ. "ಇವರಿಗೆ ನಮ್ಮ ಪದ್ಧತಿ ಏನ್ ಗೊತ್ತು", "ಮರ್ಯಾದಿ ಕೊಟ್ರ ತಲಿ ಮ್ಯಾಲ ಕೂಡ್ರತಾರ", "ಮಾಲಕಗ ಹೇಳಿ ಖಾಲಿ ಮಾಡಸ್ರಿ" ಎಂದು ಒಬ್ಬೊಬ್ಬರು ಒಂದೊಂದು ಅಂದರು. ಏಳು ತಿಂಗಳ ಬಸುರಿ ಶೈಲಾ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. "ಯವ್ವಾ, ಆಕಿ ನಂಗ ಶಾಪ ಹಾಕಿದ್ಲೇನ?" ಎಂದು ಮೆಲ್ಲಗೆ ಕೇಳಿದಳು. ಬಸವಣ್ಣೆವ್ವ ಮಗಳನ್ನು ಒಳಗೆ ಕರೆದುಕೊಂಡು ಹೋಗಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ನಮ್ಮೆಲ್ಲರ ಮನೆಗೂ ಬಂತು. ಪಕ್ಕದ ಮನೆಗಂತೂ ಗೋಡೆಯ ಮೇಲಿನ ತೆರವಿನಿಂದ ನೇರವಾಗಿ ಹೋಗಿರಬೇಕು. ಆ ಕಡೆಯಿಂದ ಕೆಮ್ಮು ಸಹ ಕೇಳಲಿಲ್ಲ.

ಸಂಜೆ ಐದೂವರೆಗೆ ಚಂದ್ರಭೂಷಣ ಕೆಲಸದಿಂದ ಬಂದ. ಹದಿನೈದು ನಿಮಿಷಕ್ಕೆ ನನ್ನ ಬಾಗಿಲಲ್ಲಿದ್ದ. ವರ್ಕ್‌ಶಾಪಿನ ಬಟ್ಟೆ ಇನ್ನೂ ಮೈಮೇಲೆಯೇ ಇತ್ತು. ಕೈಯಲ್ಲಿ ಚೀಟಿ. ಅವನು ಆಡಿದ್ದು ಅವನ ಹಿಂದಿಯಲ್ಲಿ. ನನಗೆ ನೆನಪಿರುವಂತೆ ಕನ್ನಡದಲ್ಲಿ ಹೇಳುತ್ತೇನೆ.

"ಮಾಸ್ಟರ್‌ಜಿ, ಈ ಅಕ್ಷರ ನಿಮ್ಮದಲ್ಲ?"

"ಹೌದು. ನಾನ ಬರದದ್ದು. ನಿನ್ನ ಹೆಂಡತಿ ಮಾಡಿದ್ದು ಚಲೋ ಆಗಲಿಲ್ಲ ಚಂದ್ರಭೂಷಣ. ಆ ಹಿರೇ ಹೆಣ್ಣುಮಗಳು..."

"ನಾವು ನಿಮಗೇನು ಮಾಡಿದ್ವಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಾನು ಮಾತು ನಿಲ್ಲಿಸಿದೆ.

"ನೀವು ಓದಿದವರು. ಆಕೆಗೆ ತಿಳೀಲಿಕ್ಕಿಲ್ಲ, ನಿಮಗ ತಿಳೀಬೇಕಿತ್ತು. ಇಂಥದ್ದನ್ನ ಬರೆಯೋ ಕೈ ನಿಮಗ ಹೆಂಗ ಬಂತು?"

"ಏನು ಬರೆದೆ? ಕ್ಷಮೆ ಕೇಳಿ ಬರೆದೀನಿ!"

ಅವನು ಚೀಟಿಯನ್ನು ನನ್ನ ಮುಂದೆ ಹಿಡಿದು ಆ ಸಾಲಿನ ಮೇಲೆ ಬೆರಳಿಟ್ಟ. ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪಗಿತ್ತು.

"ಗುರುವಾರ ನಮ್ಮ ಕೂಸು ಹೋತು" ಎಂದ. "ಐದು ತಿಂಗಳದ್ದು. ಹೊಟ್ಟ್ಯಾಗ. ಬಸರಿ ಅಂತ ಇಲ್ಲಿ ಯಾರಿಗೂ ಹೇಳಿರಲಿಲ್ಲ. ದವಾಖಾನಿಯೊಳಗ ಎರಡು ದಿವಸ ಇಟ್ಟುಕೊಂಡು ಶನಿವಾರ ಕಳಿಸಿದರು. ಭಾನುವಾರ ಇಡೀ ದಿನ ಗ್ವಾಡಿ ಆಚೆ ಬಸರಿ ಹಾಡು ಕೇಳಕೋತ ಮಲಗಿದ್ಲು. ನಾ ಬಂದು ಕೈಮುಗಿದೆ. ಎಲ್ಲಾರ ಮುಂದ ಹೆಂಗ ಹೇಳಲಿ, ತಬಿಯತ್ ಅಂದೆ. ಇವತ್ತು ಈ ಕಾಗದ. ನಮ್ಮ ದೋಷಾನ ನಿನ್ನ ಹೊಟ್ಟ್ಯಾಗ ಹಾಕ್ಕೋ ಅಂತ. ಕೆಳಗ ಮತ್ತ, ಬರೂ ವರ್ಷ ನಿಂಗೂ ಹಿಂಗ ಆಗಲಿ ಅಂತ."

ನಾನು ಚೀಟಿ ಇಸಿದುಕೊಂಡು ಓದಿದೆ. ಅವನ ಕಣ್ಣಿನಿಂದ ಓದಿದೆ ಅನ್ನಬೇಕು. ದೋಷ್: ನಾನು ತಪ್ಪು ಎಂಬ ಅರ್ಥದಲ್ಲಿ ಬರೆದದ್ದು. ಆದರೆ ಅದು ಗ್ರಹದೋಷ, ದೃಷ್ಟಿದೋಷ ಎನ್ನುವಾಗಿನ ದೋಷವೂ ಹೌದು. ಪೇಟ್: ಹೊಟ್ಟೆ. ಅವರ ಕಡೆ ಬಸುರಿಯನ್ನು "ಪೇಟ್ ಸೇ ಹೈ" ಅನ್ನುತ್ತಾರೆ, ಬಸಿರು ಇಳಿದರೆ "ಪೇಟ್ ಗಿರ್ ಗಯಾ" ಅನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ನಮ್ಮಲ್ಲೂ "ಹೊಟ್ಟೀಲೆ ಅದಾಳ" ಅನ್ನುತ್ತೇವೆ. ಆದರೆ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದಾಗ ಕನ್ನಡದವರಿಗೆ ಯಾರಿಗೂ ಆ ಹೊಟ್ಟೆ ಕಾಣುವುದಿಲ್ಲ. ನೂರಾರು ವರ್ಷ ಬಾಯಿಂದ ಬಾಯಿಗೆ ಉರುಳಿ ಆ ಮಾತು ನುಣುಪಾಗಿದೆ. ಹಿಂದಿಗೆ ಹೋದದ್ದೇ ತಡ ಅದು ಹಸಿಯಾಯಿತು. ಹಿಂದಿಯವರು ಕ್ಷಮೆ ಕೇಳುವಾಗ "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಅನ್ನುತ್ತಾರೆ. ಭೂಲ್‌ಚೂಕ್ ಮಾಫ್ ಮಾಡಿ ಅನ್ನುತ್ತಾರೆ. ಹೊಟ್ಟೆಗೆ ಹಾಕಿಕೋ ಎಂದು ಯಾರೂ ಅನ್ನುವುದಿಲ್ಲ. ಆ ಚೀಟಿ ಬಂದದ್ದಾದರೂ ಅಕ್ಕಿ, ಅರಿಶಿನ, ಕುಂಕುಮ, ತೆಂಗಿನಕಾಯಿಯ ಜೊತೆಗೆ. ಯಾರಿಗಾದರೂ ಮಾಟವೆಂದೇ ಅನ್ನಿಸೀತು.

"ಚಂದ್ರಭೂಷಣ, ಇದು ಶಾಪ ಅಲ್ಲಪ್ಪ" ಎಂದೆ. ನನ್ನ ಹಿಂದಿ ತೊದಲಿತು. ಲಿಂಗ ವಚನ ಯಾವುದೂ ನೆಟ್ಟಗೆ ಬರಲಿಲ್ಲ. ಕನ್ನಡದಲ್ಲಿ ಅದರ ಅರ್ಥವೇನೆಂದು ಮೂರು ಸಲ ಹೇಳಿದೆ. ಮೂಲ ಹಾಳೆಯನ್ನು ತೆಗೆದು ತೋರಿಸಿದೆ, ಅವನಿಗೆ ಓದಲು ಬಾರದಿದ್ದರೂ. ಅವನು ಗೋಡೆಗೆ ಒರಗಿ ಕೇಳಿದ.

"ಅಂದ್ರ ಆಕೆ ಕೆಟ್ಟದ್ದು ಬಯಸಿರಲಿಲ್ಲ?"

"ಇಲ್ಲ. ತಾಯಿಯಂಗ ಅಂದಿದ್ದಳು."

"ಹಂಗಾದರ ತಪ್ಪು ಯಾರದು?"

"ನನ್ನದು" ಎಂದೆ.

ಅವನು ತಲೆಯಾಡಿಸಿದ. ನನಗೆ ಸಮಾಧಾನ ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಬಸವಣ್ಣೆವ್ವನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವಳು ರೊಟ್ಟಿ ಬಡಿಯುತ್ತಿದ್ದಳು. ಶೈಲಾ ಕೇಳಬಾರದೆಂದು ಅಂಗಳಕ್ಕೆ ಕರೆದು ಹೇಳಿದೆ. ಕೂಸಿನ ಸಂಗತಿ ಕೇಳಿದ್ದೇ ಅವಳು ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಆಮೇಲೆ ಚೀಟಿಯ ಸಂಗತಿಯನ್ನೂ ಹೇಳಿದೆ.

"ನೀವು ಮೊದಲ ಬರದಿದ್ದು ಸರಿ ಇತ್ತು" ಎಂದಳು. "ನಾನ ಬ್ಯಾಡ ಅಂದೆ. ನನ್ನ ನಾಲಿಗಿ ಸುಡಲಿ."

"ಹಂಗಲ್ಲ ಬಸವಣ್ಣೆವ್ವ. ನಿಂಗ ಹಿಂದಿ ಗೊತ್ತಿಲ್ಲ. ನಂಗ ಗೊತ್ತಿತ್ತು. ಇಲ್ಲ ಅನ್ನಬೇಕಾದವ ನಾನು."

"ಯಾರ್ದರ ಆಗಲಿ. ನಡೀರಿ ಈಗ."

ಕೈ ಕೂಡ ತೊಳೆಯದೆ ಹೊರಟಳು. ಒಳಗೆ ಹೋಗುವುದು ಬೇಡವೆಂದು ನಾವು ಬಾಗಿಲ ಬಳಿಯೇ ನಿಂತೆವು. ಚಂದ್ರಭೂಷಣ ಬಾಗಿಲು ತೆಗೆದ. ರಿಂಕಿ ನೆಲದ ಮೇಲೆ ಹಾಸಿಗೆಯಲ್ಲಿ ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ಬಸವಣ್ಣೆವ್ವ ಹೊಸ್ತಿಲಲ್ಲಿ ಕುಸಿದು ಕೂತು, "ಯವ್ವಾ, ನಂಗ ಗೊತ್ತಿರಲಿಲ್ಲ. ನಿನ್ನ ಕೂಸಿನ ಆಣಿ, ಗೊತ್ತಿರಲಿಲ್ಲ" ಎಂದಳು. ನಾನು ಅದನ್ನು ಹಿಂದಿಗೆ ತಿರುಗಿಸಬೇಕಿತ್ತು. "ಕೂಸಿನ ಆಣೆ" ಎಂಬುದನ್ನು ಬಿಟ್ಟೆ. ಉಳಿದದ್ದನ್ನು ಹೇಳಿದೆ. ಈ ಸಲ ಶುದ್ಧ ಹಿಂದಿಯ ಗೊಡವೆಗೆ ಹೋಗಲಿಲ್ಲ. ಸಾದಾ ಮಾತಿನಲ್ಲಿ ಹೇಳಿದೆ: ಆ ಮಾತು ಅವರ ಭಾಷೆಯಲ್ಲಿ ಬೇರೆ, ನಾನು ಕುರುಡನ ಹಾಗೆ ಬರೆದೆ, ನಿಮಗೆ ಯಾರೂ ಕೆಟ್ಟದ್ದು ಬಯಸಲಿಲ್ಲ.

ರಿಂಕಿ ತಿರುಗಲಿಲ್ಲ. ಗೋಡೆಗೆ ಹೇಳುವಂತೆ ಹೇಳಿದಳು.

"ಚಾಚಾಜಿ, ನನಗ ತಿಳೀತು. ಅವರಿಗೆ ಹೋಗಲಿಕ್ಕೆ ಹೇಳ್ರಿ."

"ನಿನಗ ಸಿಟ್ಟದ ಏನಮ್ಮ?"

"ಸಿಟ್ಟಿಲ್ಲ. ಅಕ್ಕಿ ಚೆಲ್ಲಿದ್ದು ಪಾಪ. ಅದಕ್ಕ ನಾ ಅವರ ಕಾಲಿಗೆ ಬೀಳಬೇಕು, ಏಳಲಿಕ್ಕೆ ಆಗವಲ್ದು." ಮತ್ತೆ ತಡೆದು, "ಆದರ ನನಗೂ ಹಂಗ ಅನಸತಿತ್ತು ಚಾಚಾಜಿ. ಹೊಟ್ಟ್ಯಾಗ ಏನೋ ದೋಷ ಇತ್ತು, ಅದಕ್ಕ ಹಿಂಗಾತು ಅಂತ. ಗುರುವಾರದಿಂದ ಅದನ್ನ ಅಂದುಕೋತ ಮಲಗಿದ್ದೆ. ಅದನ್ನ ಯಾರಿಗೂ ಹೇಳಿರಲಿಲ್ಲ. ಇವತ್ತು ಬರದು ಕಳಿಸಿದರಲ್ಲ."

ಬಸವಣ್ಣೆವ್ವ "ಏನಂದ್ಲು? ಏನಂದ್ಲ ಮಾಸ್ತರ?" ಎಂದು ನನ್ನ ಧೋತರ ಜಗ್ಗಿದಳು. ನಾನು, "ಸಿಟ್ಟಿಲ್ಲಂತ. ದಣಿವಾಗೇದಂತ" ಎಂದೆ. ಅಷ್ಟನ್ನೇ ಹೇಳಿದೆ. ಉಳಿದದ್ದನ್ನು ಯಾವ ಭಾಷೆಯಲ್ಲೂ ಅವಳಿಗೆ ಹೇಳಲಾರದೆ ಹೋದೆ.

ಮರುದಿನ ಬಸವಣ್ಣೆವ್ವ ಗಟಾರದ ಅಕ್ಕಿಯನ್ನು ತಾನೇ ಬಾಚಿ ತೆಗೆದಳು. ಬಾಯಿಗೆ ಬಂದಂತೆ ಅಂದವರು ತಣ್ಣಗಾದರು. ಯಾರೋ ಹಾಲು ತಂದಿಟ್ಟರು, ಯಾರೋ ಮೆಂತೆ ಲಾಡು ಕಳಿಸಿದರು. ಚಂದ್ರಭೂಷಣ ಎಲ್ಲವನ್ನೂ ತೆಗೆದುಕೊಂಡು "ಧನ್ಯವಾದ" ಅನ್ನುತ್ತಿದ್ದ. ಅವು ತಿಂದು ಮುಗಿದವೋ ಇಲ್ಲವೋ ತಿಳಿಯದು. ಬುಧವಾರ ಅವನ ತಾಯಿ ಊರಿನಿಂದ ಬಂದಳು. ಆಮೇಲೆ ಆ ಬಾಗಿಲು ಹಗಲೆಲ್ಲ ಮುಚ್ಚಿಯೇ ಇರುತ್ತಿತ್ತು. ಬಸವಣ್ಣೆವ್ವ ರೊಟ್ಟಿ ಬಡಿಯುವುದನ್ನು ನನ್ನ ಮನೆಯ ಹಿತ್ತಲಿಗೆ ಸಾಗಿಸಿದಳು. ಶೈಲಾಳಿಗೆ ಗಟ್ಟಿಯಾಗಿ ನಗಬೇಡವೆಂದಳು. ವಠಾರದಲ್ಲಿ ಒಬ್ಬರ ರೇಡಿಯೋ ಸಹ ಕೇಳುತ್ತಿರಲಿಲ್ಲ. ಅದು ಅವರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ನನಗೆ ಇವತ್ತಿಗೂ ತಿಳಿಯದು. ಮೌನವೂ ಗೋಡೆಯ ಮೇಲಿನಿಂದ ದಾಟಿ ಹೋಗುತ್ತದೆ.

ಮೂರನೆಯ ವಾರ ಚಂದ್ರಭೂಷಣನಿಗೆ ರೈಲ್ವೆ ಕ್ವಾರ್ಟರ್ಸ್ ಸಿಕ್ಕಿತು. ಒಂದು ಸಣ್ಣ ಟೆಂಪೋದಲ್ಲಿ ಅವರ ಸಾಮಾನೆಲ್ಲ ಹಿಡಿಯಿತು. ರಿಂಕಿ ಅತ್ತೆಯ ಕೈಹಿಡಿದು ಹೊರಗೆ ಬಂದಳು. ಬಸವಣ್ಣೆವ್ವ ಬಾಗಿಲ ಹಿಂದೆ ನಿಂತಿದ್ದಳು, ಹೊರಗೆ ಬರಲು ಧೈರ್ಯವಾಗಲಿಲ್ಲ. ರಿಂಕಿ ಅತ್ತ ನೋಡಿ ಕೈಮುಗಿದಳು. ಬಸವಣ್ಣೆವ್ವನಿಗೆ ಅದು ಕಂಡಿತೋ ಇಲ್ಲವೋ ನಾನು ಕೇಳಲಿಲ್ಲ.

ಶೈಲಾಳಿಗೆ ಹೆಣ್ಣು ಹುಟ್ಟಿತು. ಹೆರಿಗೆ ಸುಸೂತ್ರವಾಯಿತು. ತೊಟ್ಟಿಲು ಹಾಕಿದ ದಿನ ಐದು ಜನ ಮುತ್ತೈದೆಯರು ಬಂದು, ಬಾಯೊಳಗೇ ಹಾಡಿ, ಸಕ್ಕರೆ ಹಂಚಿ ಹೋದರು. ಪಕ್ಕದ ಮನೆ ಆಗ ಖಾಲಿಯಿತ್ತು, ಬೀಗ ತೂಗುತ್ತಿತ್ತು. ಆದರೂ ಬಸವಣ್ಣೆವ್ವ ಅವರಿಗೆ ದನಿ ಎತ್ತಗೊಡಲಿಲ್ಲ.

ಚಂದ್ರಭೂಷಣ ನನಗೆ ಮತ್ತೆ ಸಿಕ್ಕಿದ್ದು ಮುಂದಿನ ವರ್ಷದ ಶ್ರಾವಣದಲ್ಲಿ, ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ. ತಾನೇ ಗುರುತಿಸಿ ಬಂದು ಕಾಲು ಮುಟ್ಟಿದ. ಮಾತಾಡಿದ್ದು ಕನ್ನಡದಲ್ಲಿ, ಮುರುಕು ಕನ್ನಡ. "ಆರಾಮ ಅದಿರೇನ್ರಿ ಮಾಸ್ತರ?" ಎಂದ.

ರಿಂಕಿ ಹೇಗಿದ್ದಾಳೆ ಎಂದು ಕೇಳಿದೆ.

"ಊರಾಗ ಅದಾಳ್ರಿ. ಹೋಳಿ ಹಬ್ಬಕ್ಕ ಹೋದಾಕಿ ಬಂದಿಲ್ಲ. ಇಲ್ಲಿ ನಿದ್ದಿ ಬರೂದಿಲ್ಲ ಅಂತಾಳ."

"ನೀನು ಆಕೆಗೆ ತಿಳಿಸಿ ಹೇಳಲಿಲ್ಲೇನು, ಆ ಮಾತಿನ ಅರ್ಥ?"

ಅವನು ಕನ್ನಡ ಸಾಲದೆ ತನ್ನ ಭಾಷೆಗೆ ಹೊರಳಿದ. "ಬಾಳ ಸಲ ಹೇಳೀನಿ. ಗೊತ್ತದ ಅಂತಾಳ. ಅವರು ಒಳ್ಳೆಯವರು, ನನಗ ಗೊತ್ತದ ಅಂತಾಳ. ಆದರ ಆಕೆ ಅದನ್ನ ಓದಿದ್ದು ಹಿಂದಿಯೊಳಗಲ್ಲ, ತನ್ನ ಹೊಟ್ಟಿಯೊಳಗ, ಮಾಸ್ಟರ್‌ಜಿ."

ಅವನು ಒಂದು ಕಿಲೋ ಹೀರೇಕಾಯಿ ಕೊಂಡ. ಒಬ್ಬನಿಗೆ ಅಷ್ಟು ಬೇಡ ಎಂದು ಅರ್ಧ ತಿರುಗಿ ಕೊಟ್ಟ. ಮಳೆ ಹನಿಯತೊಡಗಿತ್ತು. ಬಸವಣ್ಣೆವ್ವನನ್ನು ಕೇಳಿದೆನೆಂದು ಹೇಳಿ ಎಂದು, ಕೈಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆ ಓಡಿದ.